ಇನ್ನೂರು ಪದಗಳ ಚಿತ್ರವಿಮರ್ಶೆ: ‘ಘಟಶ್ರಾದ್ಧ’ದ ಮೇಲೊಂದು ಮಾದರಿ ಉತ್ತರ

ಪರೀಕ್ಷೆಯಲ್ಲಿ ಕೇಳುವ ಇನ್ನೂರು ಪದಗಳ ವಿಮರ್ಶೆ ಪತ್ರಿಕೆಯ ವಿಮರ್ಶೆಗಿಂತ ಬೇರೆ ಬಗೆಯ ಬರಹ. ಪತ್ರಿಕೆಯ ವಿಮರ್ಶಕರಿಗೆ ಸಾವಿರ ಪದಗಳ ಜಾಗವಿರುತ್ತದೆ, ಚಿತ್ರವನ್ನು ಇನ್ನೊಮ್ಮೆ ನೋಡುವ ಅವಕಾಶವಿರುತ್ತದೆ, ಬರೆದದ್ದನ್ನು ಮರುದಿನ ತಿದ್ದಬಹುದು. ಪರೀಕ್ಷೆ ಬರೆಯುವವರ ಬಳಿ ಇರುವುದು ನೆನಪು, ಅರ್ಧ ತಾಸಿನಷ್ಟು ಹೊತ್ತು ಮತ್ತು ಒಂದೂವರೆ ಪುಟದಷ್ಟು ಜಾಗ. ಅಷ್ಟರಲ್ಲೇ ಕೃತಿಯ ಪರಿಚಯ, ಕಥೆಯ ಎಳೆ, ಗುಣದೋಷದ ಮಾತು ಮತ್ತು ಓದುಗರಿಗೊಂದು ಸಲಹೆ ಎಲ್ಲವೂ ಬರಬೇಕು. ಹಾಗಾಗಿ ಏನನ್ನು ಬರೆಯಬೇಕು ಎನ್ನುವುದಕ್ಕಿಂತ ಯಾವುದಕ್ಕೆ ಎಷ್ಟು ಪದ ಎನ್ನುವ ಲೆಕ್ಕವೇ ಈ ಉತ್ತರದ ಮುಖ್ಯ ಕೆಲಸ.

ಈ ಬಗೆಯ ಪ್ರಶ್ನೆ ಭಾಷಾ ಪತ್ರಿಕೆಗಳಲ್ಲಿ ಬರುತ್ತದೆ. ಇಂಗ್ಲಿಷ್ ಕಲಿತವರು ಬರೆಯುವ ಕೇಂಬ್ರಿಜ್ ಬಿ2 ಫಸ್ಟ್ ಪರೀಕ್ಷೆಯಲ್ಲಿ ವಿಮರ್ಶೆ ಆಯ್ಕೆಯ ಪ್ರಶ್ನೆಗಳಲ್ಲೊಂದು. ಅಲ್ಲಿ ಉತ್ತರ 140ರಿಂದ 190 ಪದಗಳಷ್ಟಿರಬೇಕು. ಅದರ ಮೇಲಿನ ಹಂತವಾದ ಸಿ1 ಅಡ್ವಾನ್ಸ್ಡ್‌ನಲ್ಲಿ 220ರಿಂದ 260 ಪದಗಳು. ಆ ಪರೀಕ್ಷೆಗಳ ಮೌಲ್ಯಮಾಪನ ನಾಲ್ಕು ಅಂಶಗಳನ್ನು ಬೇರೆಬೇರೆಯಾಗಿ ತೂಗುತ್ತದೆ: ಕೇಳಿದ್ದಕ್ಕೆಲ್ಲ ಉತ್ತರ ಸಿಕ್ಕಿದೆಯೇ, ಓದುಗರಿಗೆ ತಕ್ಕ ಧಾಟಿ ಇದೆಯೇ, ಜೋಡಣೆ ಸರಿಯಾಗಿದೆಯೇ, ಭಾಷೆ ಹೇಗಿದೆ. ಪ್ರತಿಯೊಂದಕ್ಕೂ ಐದರವರೆಗೆ ಅಂಕ. ಕನ್ನಡದಲ್ಲಿ ಬರೆಯುವ ಉತ್ತರವನ್ನೂ ಈ ನಾಲ್ಕು ಕಡೆಯಿಂದ ನೋಡಿಕೊಂಡರೆ ಅದರ ಕುಂದು ಎಲ್ಲಿದೆ ಎಂದು ಬೇಗ ಗೊತ್ತಾಗುತ್ತದೆ.

ಮೊದಲ ಅಂಶ ಸುಲಭದ್ದು ಎಂದು ತೋರಿದರೂ ಹೆಚ್ಚು ಅಂಕ ಸೋರಿಹೋಗುವುದು ಅಲ್ಲೇ. ಪ್ರಶ್ನೆ ಹೀಗಿದೆ ಎಂದುಕೊಳ್ಳಬಹುದು: “ಹಳೆಯದಾದರೂ ಇಂದಿಗೂ ನೋಡಬೇಕಾದ ಒಂದು ಕನ್ನಡ ಚಲನಚಿತ್ರದ ವಿಮರ್ಶೆಯನ್ನು ಕಾಲೇಜಿನ ಪತ್ರಿಕೆಗಾಗಿ ಸುಮಾರು 200 ಪದಗಳಲ್ಲಿ ಬರೆಯಿರಿ. ಕಥೆಯನ್ನು ಸ್ಥೂಲವಾಗಿ ತಿಳಿಸಿ, ಚಿತ್ರದ ಗುಣದೋಷಗಳನ್ನು ಚರ್ಚಿಸಿ, ಅದನ್ನು ಯಾರು ನೋಡಬೇಕೆಂಬುದನ್ನು ಹೇಳಿ.” ಇದರಲ್ಲಿ ನೇರವಾಗಿ ಕೇಳಿದ ಕೆಲಸಗಳು ಮೂರು. ಕೇಳದೆ ಕೇಳಿದವು ಎರಡು. ಓದುಗರು ಕಾಲೇಜಿನ ಹುಡುಗ ಹುಡುಗಿಯರು, ಅವರು ಚಿತ್ರವನ್ನು ನೋಡಿಲ್ಲ. ಹಾಗಾಗಿ ಧಾಟಿ ಅವರಿಗೆ ಹೊಂದಬೇಕು, ಕಥೆಯ ಕೊನೆ ಬಯಲಾಗಬಾರದು. ಇನ್ನು ‘ಹಳೆಯದಾದರೂ ಇಂದಿಗೂ’ ಎಂಬ ಮಾತಿಗೆ ಉತ್ತರದಲ್ಲೆಲ್ಲೋ ಒಂದು ಕಡೆ ಸಮಾಧಾನ ಸಿಗಬೇಕು. ‘ಗುಣದೋಷ’ ಎಂದು ಕೇಳಿದಾಗ ಗುಣವನ್ನಷ್ಟೇ ಬರೆದವರು ಅರ್ಧ ಪ್ರಶ್ನೆಯನ್ನು ಬಿಟ್ಟಂತೆ. ಬರೆಯಲು ತೊಡಗುವ ಮೊದಲು ಈ ಮಾತುಗಳ ಕೆಳಗೆ ಗೆರೆ ಎಳೆದಿಟ್ಟುಕೊಂಡರೆ ಮುಂದೆ ಯಾವುದೂ ಕೈತಪ್ಪುವುದಿಲ್ಲ.

ಕೃತಿಯ ಆಯ್ಕೆ ಬಹಳ ಹೊತ್ತು ತೆಗೆದುಕೊಳ್ಳಬಾರದು. ಇತ್ತೀಚೆಗೆ ನೋಡಿದ್ದು, ಎಲ್ಲರೂ ಹೊಗಳಿದ್ದು ಎಂಬ ಕಾರಣ ಸಾಲದು. ಕಣ್ಮುಚ್ಚಿದರೆ ಮೂರು ದೃಶ್ಯಗಳಾದರೂ ವಿವರದೊಂದಿಗೆ ನೆನಪಿಗೆ ಬರುವ ಚಿತ್ರವೇ ಪರೀಕ್ಷೆಗೆ ಒದಗುವ ಚಿತ್ರ. ನಿರ್ದೇಶಕರು ಮತ್ತು ಮುಖ್ಯ ಕಲಾವಿದರ ಹೆಸರು ಖಚಿತವಾಗಿ ಗೊತ್ತಿರಬೇಕು. ಇಸವಿ ಗೊತ್ತಿದ್ದರೆ ಒಳ್ಳೆಯದು, ಗೊತ್ತಿಲ್ಲದಿದ್ದರೆ ಬರೆಯದಿರುವುದೇ ಕ್ಷೇಮ. ತಪ್ಪು ಇಸವಿ, ತಪ್ಪು ಪ್ರಶಸ್ತಿ ಬರೆದರೆ ಉಳಿದ ಮಾತುಗಳ ಮೇಲಿನ ನಂಬಿಕೆಯೂ ಕುಸಿಯುತ್ತದೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಈ ಚಿತ್ರ 1977ರ ಅತ್ಯುತ್ತಮ ಕಥಾಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಸಂಗೀತಕ್ಕಾಗಿ ಬಿ.ವಿ. ಕಾರಂತರಿಗೂ ನಾಣಿಯ ಪಾತ್ರಕ್ಕಾಗಿ ಬಾಲನಟ ಅಜಿತ್ ಕುಮಾರ್‌ಗೂ ರಾಷ್ಟ್ರಪ್ರಶಸ್ತಿ ಬಂತು. ಮಲೆನಾಡಿನ ಅಗ್ರಹಾರವೊಂದರ ವೇದಪಾಠಶಾಲೆಗೆ ಬಂದು ಸೇರುವ ನಾಣಿ, ಅವನನ್ನು ತಾಯಿಯಂತೆ ನೋಡಿಕೊಳ್ಳುವ ಗುರುಗಳ ವಿಧವೆ ಮಗಳು ಯಮುನಾ, ಅವಳು ಗರ್ಭಿಣಿಯಾದದ್ದು ತಿಳಿದಾಗ ಊರು ನಡೆದುಕೊಳ್ಳುವ ರೀತಿ, ಇವು ಕಥೆಯ ಸಾರ. ಪರೀಕ್ಷೆಗೆ ಇದು ಒದಗಲು ಕಾರಣವಿದೆ. ಕಥೆ ಸರಳ, ಪಾತ್ರಗಳು ಕಡಿಮೆ, ಎಲ್ಲಕ್ಕಿಂತ ಮುಖ್ಯವಾಗಿ ಚಿತ್ರದ ಬಗ್ಗೆ ಒಂದೇ ವಾಕ್ಯದಲ್ಲಿ ಹೇಳಬಹುದಾದ ಗಟ್ಟಿ ಅಭಿಪ್ರಾಯವೊಂದು ಸಿಗುತ್ತದೆ: ದೊಡ್ಡವರ ಕ್ರೌರ್ಯವನ್ನು ಅದು ಮಗುವೊಂದರ ಕಣ್ಣಿನಿಂದ ತೋರಿಸುತ್ತದೆ. ಈ ವಾಕ್ಯ ಮೊದಲು ಸಿಕ್ಕಿಬಿಟ್ಟರೆ ಉಳಿದ ಬರಹವೆಲ್ಲ ಅದರ ಸುತ್ತ ಕೂಡಿಕೊಳ್ಳುತ್ತದೆ. ಅದು ಸಿಗದೆ ಬರೆಯಲು ಕೂತವರು ಕಥೆಯ ಹಿಂದೆ ಹೋಗುತ್ತಾರೆ.

ಹಾಗೆ ಕಥೆಯ ಹಿಂದೆ ಹೋದ ಉತ್ತರ ಹೇಗಿರುತ್ತದೆ ಎಂಬುದನ್ನು ನೋಡಬೇಕು. “ನಾನು ಇತ್ತೀಚೆಗೆ ಘಟಶ್ರಾದ್ಧ ಎಂಬ ಸಿನಿಮಾ ನೋಡಿದೆ. ಇದು ತುಂಬಾ ಒಳ್ಳೆಯ ಸಿನಿಮಾ. ಇದರಲ್ಲಿ ನಾಣಿ ಎಂಬ ಹುಡುಗ ಪಾಠಶಾಲೆಗೆ ಬಂದನು. ಅಲ್ಲಿ ದೊಡ್ಡ ಹುಡುಗರು ಅವನಿಗೆ ತೊಂದರೆ ಕೊಡುತ್ತಾರೆ. ಆಮೇಲೆ ಯಮುನಾ ಅವನನ್ನು ನೋಡಿಕೊಂಡಳು. ಆಮೇಲೆ ಅವಳಿಗೆ ಒಬ್ಬ ಮೇಷ್ಟ್ರ ಜೊತೆ ಪ್ರೀತಿ ಆಗುತ್ತದೆ. ಆಮೇಲೆ ಊರಿನವರಿಗೆ ಗೊತ್ತಾಯಿತು…” ಇದು ಹೀಗೇ ನೂರೈವತ್ತು ಪದ ನಡೆದು, “ಎಲ್ಲರ ನಟನೆ ಅದ್ಭುತವಾಗಿದೆ. ಸಂಗೀತ ಚೆನ್ನಾಗಿದೆ. ಒಟ್ಟಿನಲ್ಲಿ ಎಲ್ಲರೂ ನೋಡಬೇಕಾದ ಸಿನಿಮಾ” ಎಂದು ಮುಗಿಯುತ್ತದೆ. ಬರೆದವರು ಚಿತ್ರವನ್ನು ಶ್ರದ್ಧೆಯಿಂದಲೇ ನೋಡಿದ್ದಾರೆ, ಕಥೆಯಲ್ಲೂ ತಪ್ಪಿಲ್ಲ. ಆದರೂ ಇದು ವಿಮರ್ಶೆಯಾಗಿಲ್ಲ.

ಈ ಬಗೆಯ ಉತ್ತರವನ್ನು ಗುರುತಿಸಲು ‘ಆಮೇಲೆ’, ‘ನಂತರ’, ‘ಆಗ’ ಎಂಬ ಪದಗಳು ಎಷ್ಟು ಸಲ ಬಂದಿವೆ ಎಂದು ನೋಡಿದರೆ ಸಾಕು. ಘಟನೆಗಳನ್ನು ಕಾಲದ ಕ್ರಮದಲ್ಲಿ ಪೋಣಿಸುವ ಪದಗಳು ಹೆಚ್ಚಿದ್ದಷ್ಟೂ ವಿಮರ್ಶೆ ಕಡಿಮೆ. ವಿಮರ್ಶೆಯ ವಾಕ್ಯಗಳನ್ನು ಪೋಣಿಸುವುದು ‘ಏಕೆಂದರೆ’, ‘ಆದರೂ’, ‘ಇದರಿಂದ’ ಎಂಬಂಥ ಪದಗಳು. ಕೊನೆಯ ಮೆಚ್ಚುಗೆಯ ಸಾಲುಗಳಿಗೆ ಇನ್ನೊಂದು ಪರೀಕ್ಷೆಯಿದೆ. “ಎಲ್ಲರ ನಟನೆ ಅದ್ಭುತವಾಗಿದೆ” ಎಂಬ ವಾಕ್ಯವನ್ನು ಇಲ್ಲಿಂದ ಎತ್ತಿ ಬೇರೆ ಯಾವ ಚಿತ್ರದ ವಿಮರ್ಶೆಯಲ್ಲಿಟ್ಟರೂ ಅದು ಅಲ್ಲಿ ಸಲೀಸಾಗಿ ಕೂರುತ್ತದೆ. ಹಾಗೆ ಎತ್ತಿಡಬಹುದಾದ ವಾಕ್ಯದಿಂದ ಮೌಲ್ಯಮಾಪಕರಿಗೆ ಏನೂ ತಿಳಿಯುವುದಿಲ್ಲ. ವಾಕ್ಯದೊಳಗೆ ಆ ಚಿತ್ರದ್ದೇ ಆದ ದೃಶ್ಯವೋ ಪಾತ್ರವೋ ಬಂದು ಕೂತಾಗ ಅದು ಕದಲದ ಮಾತಾಗುತ್ತದೆ.

ಮಾದರಿ ಉತ್ತರ ಹೀಗಿರಬಹುದು:

ಘಟಶ್ರಾದ್ಧ: ಮಗುವಿನ ಕಣ್ಣಲ್ಲಿ ಕಂಡ ಕ್ರೌರ್ಯ

ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ನಿರ್ಮಿಸಿದ ‘ಘಟಶ್ರಾದ್ಧ’ ಗಿರೀಶ್ ಕಾಸರವಳ್ಳಿಯವರು ನಿರ್ದೇಶಿಸಿದ ಮೊದಲ ಕಥಾಚಿತ್ರ. 1977ರ ಅತ್ಯುತ್ತಮ ಕಥಾಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಈ ಕಪ್ಪು-ಬಿಳುಪು ಚಿತ್ರ, ಬಾಲವಿಧವೆಯೊಬ್ಬಳನ್ನು ಊರೇ ಸೇರಿ ಹೊರಹಾಕುವುದನ್ನು ಪುಟ್ಟ ಹುಡುಗನೊಬ್ಬನ ಕಣ್ಣಿನಿಂದ ತೋರಿಸುತ್ತದೆ.

ಮಲೆನಾಡಿನ ಅಗ್ರಹಾರವೊಂದರಲ್ಲಿ ಉಡುಪರು ನಡೆಸುವ ವೇದಪಾಠಶಾಲೆಗೆ ನಾಣಿ ಎಂಬ ಹುಡುಗ ಬಂದು ಸೇರುತ್ತಾನೆ. ಮನೆಯ ನೆನಪಿನಿಂದ ಕುಗ್ಗಿದ, ದೊಡ್ಡ ಹುಡುಗರ ಕಾಟಕ್ಕೆ ಹೆದರಿದ ಅವನಿಗೆ ಉಡುಪರ ಮಗಳು ಯಮುನಾ ತಾಯಿಯಂತೆ ಆಸರೆಯಾಗುತ್ತಾಳೆ. ಬಾಲ್ಯದಲ್ಲೇ ವಿಧವೆಯಾದ ಯಮುನಾ ಶಾಲಾ ಮೇಷ್ಟರನ್ನು ಪ್ರೀತಿಸಿ ಗರ್ಭಿಣಿಯಾದಾಗ ಅಗ್ರಹಾರದ ಪಿಸುಮಾತು ಶುರುವಾಗುತ್ತದೆ. ಆ ಹೊತ್ತಿನಲ್ಲಿ ಅವಳ ಜೊತೆ ನಿಲ್ಲುವವನು ನಾಣಿಯೊಬ್ಬನೇ. ಬದುಕಿರುವವಳನ್ನೇ ಸತ್ತಳೆಂದು ಎಣಿಸಿ ಮಡಕೆ ಒಡೆಯುವ ವಿಧಿಯತ್ತ ಕಥೆ ಸಾಗುತ್ತದೆ.

ಚಿತ್ರದ ದೊಡ್ಡ ಶಕ್ತಿ ಅದು ಆರಿಸಿಕೊಂಡ ದೃಷ್ಟಿಕೋನ. ನಾಣಿಗೆ ಅರ್ಥವಾಗದ್ದನ್ನು ನಿರ್ದೇಶಕರು ನಮಗೂ ಮಾತಿನಲ್ಲಿ ವಿವರಿಸುವುದಿಲ್ಲ. ಅವನು ಕಂಡಷ್ಟನ್ನು, ಕೇಳಿಸಿಕೊಂಡಷ್ಟನ್ನು ಮುಂದಿಟ್ಟು ಉಳಿದದ್ದನ್ನು ನಮ್ಮ ಊಹೆಗೆ ಬಿಡುತ್ತಾರೆ. ಯಮುನಾ ಸಾಯಲೆಂದು ಹಾವಿನ ಹುತ್ತದೊಳಗೆ ಕೈಯಿಡುವ ದೃಶ್ಯದಲ್ಲಿ ಹುಡುಗನ ಗಾಬರಿಯೇ ನಮ್ಮ ಗಾಬರಿಯಾಗುತ್ತದೆ. ಮೀನಾ ಕುಟ್ಟಪ್ಪ ಯಮುನಾಳ ನೋವನ್ನು ಮಾತಿಗಿಂತ ಹೆಚ್ಚಾಗಿ ಮೌನದಲ್ಲಿ ತೋರಿಸಿದ್ದಾರೆ; ನಾಣಿಯಾಗಿ ಅಜಿತ್ ಕುಮಾರ್ ನಟಿಸುತ್ತಿರುವಂತೆಯೇ ಅನಿಸುವುದಿಲ್ಲ. ಎಸ್. ರಾಮಚಂದ್ರ ಅವರ ಛಾಯಾಗ್ರಹಣ ಹಳೆಯ ಮನೆಯ ಕತ್ತಲನ್ನು ಕಥೆಯ ಭಾಗವಾಗಿಸಿದೆ, ಬಿ.ವಿ. ಕಾರಂತರ ಸಂಗೀತ ಎಲ್ಲಿ ಸುಮ್ಮನಿರಬೇಕೆಂಬುದನ್ನು ಅರಿತಿದೆ.

ಕೊರತೆಯೂ ಇಲ್ಲದಿಲ್ಲ. ಯಮುನಾಳನ್ನು ಕೈಬಿಡುವ ಮೇಷ್ಟರ ಪಾತ್ರ ತೆಳುವಾಗಿದೆ. ಅವರ ಅಂಜಿಕೆಯ ಹಿಂದಿನ ಮನಸ್ಸು ಕಾಣುವುದಿಲ್ಲ. ನಿಧಾನಗತಿಯ ಮೊದಲ ಭಾಗ ಇಂದಿನ ಪ್ರೇಕ್ಷಕರ ತಾಳ್ಮೆಯನ್ನು ಕೊಂಚ ಪರೀಕ್ಷಿಸಬಹುದು. ಆದರೂ ಆ ನಿಧಾನವೇ ಊರಿನ ಪಿಸುಮಾತು ಹಬ್ಬುವ ಬಗೆಯನ್ನು ನಂಬಿಸುತ್ತದೆ.

ಕನ್ನಡ ಸಾಹಿತ್ಯ ಓದುವ ವಿದ್ಯಾರ್ಥಿಗಳು ಈ ಚಿತ್ರವನ್ನು ನೋಡಲೇಬೇಕು. ಕಥೆಯೊಂದು ತೆರೆಗೆ ಬರುವಾಗ ಮಾತು ಹೇಗೆ ನೋಟವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ವಿಷಯ ಗಂಭೀರವಾದ್ದರಿಂದ ಚಿಕ್ಕ ಮಕ್ಕಳಿಗೆ ತಕ್ಕುದಲ್ಲ. ದೊಡ್ಡವರು ಮಾತ್ರ ಒಮ್ಮೆ ನೋಡಿದರೆ ನಾಣಿಯ ನೋಟವನ್ನು ಸುಲಭವಾಗಿ ಮರೆಯಲಾರರು.

ಉತ್ತರ ಇಲ್ಲಿಗೆ ಮುಗಿಯಿತು. ಶೀರ್ಷಿಕೆಯನ್ನು ಬಿಟ್ಟರೆ ಇದರಲ್ಲಿ 191 ಪದಗಳಿವೆ. ಪರಿಚಯಕ್ಕೆ 27, ಕಥೆಗೆ 47, ಗುಣಕ್ಕೆ 58, ದೋಷಕ್ಕೆ 28, ಶಿಫಾರಸಿಗೆ 31. ಕಥೆಗೆ ಒಟ್ಟು ಪದಗಳ ನಾಲ್ಕನೆಯ ಒಂದು ಭಾಗ, ಗುಣದೋಷದ ಚರ್ಚೆಗೆ ಹತ್ತಿರಹತ್ತಿರ ಅರ್ಧ. ಈ ಹಂಚಿಕೆ ಸೂತ್ರವೇನಲ್ಲ. ಕಥೆ ಜಟಿಲವಾದ ಚಿತ್ರವಾದರೆ ಕಥೆಗೆ ಅರವತ್ತು ಪದ ಬೇಕಾದೀತು. ಆದರೆ ಕಥೆಯ ಭಾಗ ಚರ್ಚೆಯ ಭಾಗಕ್ಕಿಂತ ದೊಡ್ಡದಾದ ಕ್ಷಣದಲ್ಲೇ ಉತ್ತರ ಸಾರಾಂಶದ ಕಡೆಗೆ ವಾಲುತ್ತದೆ.

ಕಥೆಯನ್ನು ನಲವತ್ತೇಳು ಪದಗಳಿಗೆ ಇಳಿಸಿದ್ದು ಹೇಗೆ ಎಂಬುದನ್ನು ಗಮನಿಸಬೇಕು. ಪಾಠಶಾಲೆಯಲ್ಲಿ ನಾಣಿಗೆ ಕಾಟ ಕೊಡುವ ಹಿರಿಯ ವಿದ್ಯಾರ್ಥಿಗಳಿಗೆ ಚಿತ್ರದಲ್ಲಿ ಹೆಸರಿದೆ, ಅವರ ಸುತ್ತ ದೃಶ್ಯಗಳಿವೆ. ಉತ್ತರದಲ್ಲಿ ಅವರು ‘ದೊಡ್ಡ ಹುಡುಗರು’ ಅಷ್ಟೇ. ಹೆಸರಿನಿಂದ ಬಂದವರು ಮೂವರು: ಉಡುಪರು, ನಾಣಿ, ಯಮುನಾ. ಮೇಷ್ಟರು ಹೆಸರಿಲ್ಲದೆ ಬಂದಿದ್ದಾರೆ. ಇನ್ನೂರು ಪದಗಳ ವಿಮರ್ಶೆಯಲ್ಲಿ ನಾಲ್ಕನೆಯ ಹೆಸರು ಬಂದರೆ ಚಿತ್ರ ನೋಡದ ಓದುಗರಿಗೆ ಯಾರು ಯಾರೆಂದು ತಿಳಿಯದಂತಾಗುತ್ತದೆ. ಉಪಕಥೆಗಳೂ ಹಾಗೆಯೇ. ಮುಂದೆ ಚರ್ಚೆಗೆ ಬಳಸದ ಯಾವ ಘಟನೆಯೂ ಕಥೆಯ ಭಾಗದಲ್ಲಿ ಬೇಡ. ನಾಣಿಯ ಒಂಟಿತನ, ಯಮುನಾಳ ಆಸರೆ, ಊರಿನ ಪಿಸುಮಾತು ಈ ಮೂರನ್ನೂ ಉಳಿಸಿಕೊಂಡದ್ದು ಮುಂದಿನ ಭಾಗಗಳು ಅವುಗಳ ಮೇಲೆ ನಿಂತಿರುವುದರಿಂದ.

ಚಿತ್ರದ ಕೊನೆಯನ್ನು ಉತ್ತರ ಹೇಳಿಲ್ಲ. ನಾಣಿಯನ್ನು ತಂದೆ ಊರಿಗೆ ಕರೆದೊಯ್ಯುವಾಗ ತಲೆ ಬೋಳಿಸಿಕೊಂಡ ಯಮುನಾ ಮರದ ಕೆಳಗೆ ಒಂಟಿಯಾಗಿ ಕೂತಿರುವುದು ಕಾಣುತ್ತದೆ. ಚಿತ್ರ ನೋಡಿದ ಯಾರಿಗಾದರೂ ಮೊದಲು ನೆನಪಾಗುವುದು ಇದೇ ನೋಟ. ಅದನ್ನು ಬರೆಯಬೇಕೆಂಬ ಆಸೆ ಸಹಜವಾದದ್ದು. ಆದರೆ ವಿಮರ್ಶೆಯ ಓದುಗರು ಇನ್ನೂ ಚಿತ್ರ ನೋಡಬೇಕಾದವರು. ಮಡಕೆ ಒಡೆಯುವ ವಿಧಿಯ ಪ್ರಸ್ತಾಪ ಮಾತ್ರ ಬೇರೆ. ಚಿತ್ರದ ಹೆಸರೇ ಅದನ್ನು ಹೇಳುತ್ತಿರುವುದರಿಂದ ಅಲ್ಲಿ ಬಯಲಾಗುವ ಗುಟ್ಟು ಯಾವುದೂ ಇಲ್ಲ. ಹೆಸರು ಕೇಳದವರಿಗೆ ಅದರ ಅರ್ಥವೂ ತಿಳಿದಂತಾಯಿತು. ಇಲ್ಲಿ ಒಂದು ಭೇದವನ್ನು ನೆನಪಿಡಬೇಕು. ಪಠ್ಯವಾಗಿಟ್ಟ ಕೃತಿಯ ಬಗ್ಗೆ ವಿಮರ್ಶಾತ್ಮಕ ಪ್ರಬಂಧ ಕೇಳಿದಾಗ ಕೊನೆಯನ್ನು ಚರ್ಚಿಸದೆ ವಿಧಿಯಿಲ್ಲ, ಅಲ್ಲಿ ಓದುಗರು ಕೃತಿಯನ್ನು ಓದಿದವರೇ ಆಗಿರುತ್ತಾರೆ.

ಗುಣವನ್ನು ಹೇಳುವ ಮೂರನೆಯ ಭಾಗ ಉತ್ತರದ ಹೃದಯ. ಅದರ ಜೋಡಣೆಯಲ್ಲಿ ಒಂದು ಕ್ರಮವಿದೆ: ಮೊದಲು ಅಭಿಪ್ರಾಯ, ಆಮೇಲೆ ಅದರ ವಿವರಣೆ, ಕೊನೆಗೆ ದೃಶ್ಯದ ಸಾಕ್ಷಿ. ‘ದೃಷ್ಟಿಕೋನವೇ ಶಕ್ತಿ’ ಎಂಬುದು ಅಭಿಪ್ರಾಯ. ನಾಣಿಗೆ ತಿಳಿಯದ್ದು ನೋಡುಗರಿಗೂ ಮಾತಿನಲ್ಲಿ ತಿಳಿಯದು ಎಂಬುದು ವಿವರಣೆ. ಹುತ್ತದ ದೃಶ್ಯ ಸಾಕ್ಷಿ. ಸಾಕ್ಷಿಯನ್ನು ತೆಗೆದುಹಾಕಿದರೆ ಮೇಲಿನ ಎರಡು ವಾಕ್ಯಗಳು ಎಲ್ಲೋ ಓದಿ ಬರೆದವೆಂಬ ಅನುಮಾನ ಬರುತ್ತದೆ. ಅಭಿಪ್ರಾಯವನ್ನು ತೆಗೆದುಹಾಕಿದರೆ ಹುತ್ತದ ದೃಶ್ಯ ಮತ್ತೆ ಕಥೆಯ ಮಾತಾಗಿಬಿಡುತ್ತದೆ. ಇನ್ನೂರು ಪದಗಳಲ್ಲಿ ಹೀಗೆ ಪೂರ್ತಿಯಾಗಿ ಬಿಡಿಸಿ ಹೇಳಲು ಒಂದೇ ಗುಣಕ್ಕೆ ಜಾಗ ಸಿಗುತ್ತದೆ. ನಟನೆ, ಛಾಯಾಗ್ರಹಣ, ಸಂಗೀತಗಳಿಗೆ ಅರ್ಧರ್ಧ ವಾಕ್ಯವಷ್ಟೇ ಸಿಕ್ಕಿದೆ, ಅದು ಸರಿಯೂ ಹೌದು. ಎಲ್ಲಕ್ಕೂ ಸಮಪಾಲು ಕೊಡಲು ಹೊರಟರೆ ಯಾವುದರ ಬಗ್ಗೆಯೂ ಏನನ್ನೂ ಹೇಳಿದಂತಾಗುವುದಿಲ್ಲ.

ಆ ಅರ್ಧರ್ಧ ವಾಕ್ಯಗಳಲ್ಲೂ ಬರೀ ಮೆಚ್ಚುಗೆಯ ಪದವಿಲ್ಲ ಎಂಬುದನ್ನು ನೋಡಬೇಕು. “ಮೀನಾ ಕುಟ್ಟಪ್ಪ ಅವರ ನಟನೆ ಅದ್ಭುತ” ಎಂದು ಬರೆದಿದ್ದರೆ ಐದು ಪದ ಸಾಕಾಗುತ್ತಿತ್ತು. ಅದರ ಬದಲು ನೋವನ್ನು ಮೌನದಲ್ಲಿ ತೋರಿಸಿದ್ದಾರೆ ಎಂದಾಗ ನಟನೆಯ ಬಗೆ ಗೊತ್ತಾಯಿತು. ಸಂಗೀತ ‘ಚೆನ್ನಾಗಿದೆ’ ಎನ್ನುವುದಕ್ಕೂ, ಅದಕ್ಕೆ ಸುಮ್ಮನಿರಬೇಕಾದ ಜಾಗ ಗೊತ್ತಿದೆ ಎನ್ನುವುದಕ್ಕೂ ಅಂತರ ದೊಡ್ಡದು. ಬರೆಯುವಾಗ ‘ಅದ್ಭುತ’, ‘ಅಮೋಘ’, ‘ಮನಮುಟ್ಟುವಂತಿದೆ’ ಎಂಬ ಪದ ಕೈಗೆ ಬಂದರೆ ಅಲ್ಲೇ ನಿಂತು ‘ಹೇಗೆ?’ ಎಂದು ಕೇಳಿಕೊಳ್ಳಬೇಕು. ಬರುವ ಉತ್ತರವನ್ನು ಆ ಪದದ ಜಾಗದಲ್ಲಿ ಬರೆಯಬೇಕು.

ದೋಷ ಹೇಳುವಾಗ ಎರಡು ಬಗೆಯಲ್ಲಿ ಎಡವುವುದುಂಟು. ಶ್ರೇಷ್ಠವೆಂದು ಹೆಸರಾದ ಕೃತಿಯಲ್ಲಿ ಕೊರತೆ ಹೇಳಲು ಅಂಜಿ ಆ ಭಾಗವನ್ನೇ ಬಿಡುವುದು ಒಂದು. ಚಿತ್ರ ಏನಾಗಲು ಹೊರಟಿಲ್ಲವೋ ಅದಾಗಿಲ್ಲ ಎಂದು ದೂರುವುದು ಇನ್ನೊಂದು. ‘ಘಟಶ್ರಾದ್ಧ’ದಲ್ಲಿ ಹಾಡು, ಹಾಸ್ಯ ಇಲ್ಲವೆನ್ನುವುದು ಎರಡನೆಯ ಬಗೆಯದು. ಮಾದರಿ ಉತ್ತರ ಮೇಷ್ಟರ ಪಾತ್ರವನ್ನು ಹಿಡಿದಿದೆ. ಚಿತ್ರ ತಾನೇ ಹೇಳಲು ಹೊರಟ ಕಥೆಯೊಳಗಿನ ಕೊರತೆ ಅದು. ಇದಕ್ಕೆ ಒಪ್ಪದವರೂ ಇರಬಹುದು. ಮಗುವಿನ ಕಣ್ಣಿನಿಂದ ನೋಡುವ ಚಿತ್ರದಲ್ಲಿ ಮೇಷ್ಟರ ಮನಸ್ಸು ಕಾಣದಿರುವುದೇ ನ್ಯಾಯ ಎಂದು ಅವರು ವಾದಿಸಬಹುದು, ಆ ವಾದದಲ್ಲಿ ಬಲವೂ ಇದೆ. ಆದರೆ ಅಂಕ ಸಿಗುವುದು ಕಾರಣ ಕೊಟ್ಟ ಅಭಿಪ್ರಾಯಕ್ಕೆ. ಮೌಲ್ಯಮಾಪಕರು ಅದನ್ನು ಒಪ್ಪಬೇಕೆಂದಿಲ್ಲ. ನಿಧಾನಗತಿಯ ಬಗ್ಗೆ ಹೇಳಿದ ಮಾತನ್ನು ಮುಂದಿನ ವಾಕ್ಯದಲ್ಲಿ ತೂಗಿ ನೋಡಿದ್ದು ಬೇರೊಂದು ಕಾರಣಕ್ಕೆ. ಪ್ರಶ್ನೆ ‘ಹಳೆಯದಾದರೂ ಇಂದಿಗೂ’ ಎಂದು ಕೇಳಿತ್ತು. ಇಂದಿನ ಪ್ರೇಕ್ಷಕರಿಗೆ ಅದು ಹೇಗೆ ಕಾಣಬಹುದು ಎಂಬ ಮಾತು ಅದಕ್ಕೆ ಉತ್ತರವಾಯಿತು.

ಶಿಫಾರಸಿನಲ್ಲಿ ‘ಎಲ್ಲರೂ ನೋಡಬೇಕು’ ಎನ್ನುವುದು ಉತ್ತರವಲ್ಲದ ಉತ್ತರ. ಪ್ರಶ್ನೆ ಕೇಳಿರುವುದು ಯಾರು ಎಂದು. ಯಾರಿಗೆ ತಕ್ಕುದಲ್ಲ ಎಂಬುದನ್ನೂ ಒಂದು ವಾಕ್ಯದಲ್ಲಿ ಹೇಳಿದರೆ ಬರೆದವರು ಓದುಗರನ್ನು ನಿಜವಾಗಿ ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ ಎಂಬುದು ಕಾಣುತ್ತದೆ. ಕಾಲೇಜಿನ ಪತ್ರಿಕೆಗೆ ಬರೆಯುತ್ತಿರುವುದರಿಂದ ಸಾಹಿತ್ಯದ ವಿದ್ಯಾರ್ಥಿಗಳ ಹೆಸರು ಮೊದಲು ಬಂದಿದೆ.

ಭಾಷೆಯಲ್ಲಿ ಮೊದಲು ಗಮನಿಸಬೇಕಾದದ್ದು ಕಾಲ. ಚಿತ್ರದ ಅಥವಾ ಕಾದಂಬರಿಯ ಕಥೆಯನ್ನು ವರ್ತಮಾನದಲ್ಲಿ ಹೇಳುವುದು ವಿಮರ್ಶೆಯಲ್ಲಿ ರೂಢಿ: ‘ಸೇರುತ್ತಾನೆ’, ‘ಆಸರೆಯಾಗುತ್ತಾಳೆ’. ಕೃತಿ ಹುಟ್ಟಿದ ಸಂಗತಿಗಳಿಗೆ ಭೂತಕಾಲ. ಮೇಲಿನ ದುರ್ಬಲ ಉತ್ತರದಲ್ಲಿ ‘ಬಂದನು’, ‘ಕೊಡುತ್ತಾರೆ’, ‘ನೋಡಿಕೊಂಡಳು’, ‘ಆಗುತ್ತದೆ’ ಎಂದು ವಾಕ್ಯದಿಂದ ವಾಕ್ಯಕ್ಕೆ ಕಾಲ ಜಿಗಿಯುತ್ತಿತ್ತು. ಅವಸರದಲ್ಲಿ ಬರೆದ ಉತ್ತರಗಳಲ್ಲಿ ಬಹಳ ಸಾಮಾನ್ಯವಾದ ತಪ್ಪು ಇದು. ಕಲಾವಿದರು, ನಿರ್ದೇಶಕರಿಗೆ ಗೌರವದ ಬಹುವಚನ ಬೇಕು. ಪಾತ್ರಗಳಿಗೆ ಕಥೆಯೊಳಗೆ ಅವರಿಗಿರುವ ಸ್ಥಾನದಂತೆ ಏಕವಚನ ಅಥವಾ ಬಹುವಚನ ಬಂದು, ಕೊನೆಯವರೆಗೆ ಅದೇ ಉಳಿಯಬೇಕು. ಉಡುಪರು ಒಮ್ಮೆ ‘ಅವರು’, ಇನ್ನೊಮ್ಮೆ ‘ಅವನು’ ಆಗಬಾರದು. ಕೃತಿಯ ಹೆಸರು ಒಂಟಿ ಉದ್ಧರಣ ಚಿಹ್ನೆಯೊಳಗೆ ಬರಲಿ. ‘ನಾನು’ ಎಂಬುದನ್ನು ಬಳಸಲೇಬಾರದೆಂದಿಲ್ಲ, ಆದರೆ “ನನಗೆ ಇಷ್ಟವಾಯಿತು” ಎಂಬಲ್ಲಿ ನಿಂತ ವಾಕ್ಯ ಓದುಗರಿಗೆ ನೆರವಾಗುವುದಿಲ್ಲ.

ಪುಸ್ತಕದ ವಿಮರ್ಶೆ ಕೇಳಿದಾಗಲೂ ಹಂಚಿಕೆ ಇದೇ. ಬದಲಾಗುವುದು ಮೂರನೆಯ ಭಾಗದ ಸಾಮಗ್ರಿ. ಕ್ಯಾಮೆರಾ, ನಟನೆಯ ಜಾಗದಲ್ಲಿ ಕಥೆ ಹೇಳುವ ದನಿ, ಆಡುಮಾತಿನ ಬಳಕೆ, ಅಧ್ಯಾಯಗಳ ಕಟ್ಟಡ ಬರುತ್ತವೆ. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಆರಿಸಿಕೊಂಡರೆ, ಸ್ವಂತ ಜಮೀನು ಉಳಬೇಕೆಂಬ ಚೋಮನ ಆಸೆಯನ್ನು ಎರಡು ಮೂರು ವಾಕ್ಯಗಳಲ್ಲಿ ಹೇಳಿ, ಬಾಯಿಬಿಟ್ಟು ಹೇಳಲಾಗದ ಅವನ ಸಿಟ್ಟು ಸಂಕಟಗಳನ್ನು ಲೇಖಕರು ದುಡಿಯ ಸದ್ದಿನ ಮೂಲಕ ಹೇಗೆ ಆಡಿಸಿದ್ದಾರೆ ಎಂಬುದನ್ನು ಮುಖ್ಯ ಗುಣವಾಗಿ ಬಿಡಿಸಬಹುದು. ಸಾಕ್ಷಿಗೆ ಅವನು ದುಡಿ ಬಾರಿಸುವ ಒಂದು ಸಂದರ್ಭ ಸಾಕು. ಈ ಕೃತಿಯನ್ನು ಆರಿಸುವವರಿಗೆ ಒಂದು ಅಪಾಯವಿದೆ. ಬಿ.ವಿ. ಕಾರಂತರು 1975ರಲ್ಲಿ ಇದನ್ನು ಚಲನಚಿತ್ರ ಮಾಡಿದರು, ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾವ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರ ಪ್ರಶಸ್ತಿ ಬಂತು. ಚಿತ್ರವನ್ನು ನೋಡಿ ಕಾದಂಬರಿಯನ್ನು ಅರೆಬರೆ ಓದಿದವರು ಪುಸ್ತಕದ ವಿಮರ್ಶೆಯಲ್ಲಿ ಚಿತ್ರದ ದೃಶ್ಯವನ್ನು ಬರೆದುಬಿಡುತ್ತಾರೆ. ಇಬ್ಬರು ಕಾರಂತರ ಹೆಸರೂ ಆ ಅವಸರದಲ್ಲಿ ಅದಲುಬದಲಾಗುತ್ತದೆ. ಎರಡನ್ನೂ ಬಲ್ಲವರು ಉತ್ತರದ ಒಂದು ಕಡೆ ಮಾತ್ರ, ಒಂದೇ ವಾಕ್ಯದಲ್ಲಿ, ಹೋಲಿಸಿದರೆ ಅದು ಗುಣವಾಗುತ್ತದೆ.

ಪದಗಳ ಎಣಿಕೆಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಮೂರು ಸಾಲುಗಳ ಪದಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಾಲಿಗೆ ಸರಾಸರಿ ಎಷ್ಟೆಂದು ಸಿಗುತ್ತದೆ, ಅದನ್ನು ಒಟ್ಟು ಸಾಲುಗಳಿಂದ ಗುಣಿಸಿದರೆ ಆಯಿತು. ಸಾಲಿಗೆ ಐದು ಪದ ಬರೆಯುವವರಿಗೆ ನಲವತ್ತು ಸಾಲು ಬೇಕಾಗುತ್ತದೆ. ಕನ್ನಡದಲ್ಲಿ ‘ಸುಮ್ಮನಿರಬೇಕೆಂಬುದನ್ನು’ ಎಂಬಂಥ ಕೂಡುಪದವೂ ಒಂದೇ ಪದವೆಂದು ಲೆಕ್ಕ. ಹಾಗಾಗಿ ಇನ್ನೂರು ಕನ್ನಡ ಪದಗಳಲ್ಲಿ ಹಿಡಿಸುವ ವಿಷಯ ಅಷ್ಟೇ ಇಂಗ್ಲಿಷ್ ಪದಗಳಲ್ಲಿ ಹಿಡಿಸುವುದಕ್ಕಿಂತ ಹೆಚ್ಚು. ಇಂಗ್ಲಿಷ್ ಮಾದರಿಗಳನ್ನು ನೋಡಿ ಅಭ್ಯಾಸ ಮಾಡಿದವರು ಕನ್ನಡದಲ್ಲಿ ಅಷ್ಟೇ ವಿಷಯವನ್ನು ಬರೆದು, ಪದ ಸಾಲದೆಂದು ಕಂಗಾಲಾಗಿ ಕಥೆಯನ್ನು ಎಳೆಯುವುದುಂಟು. ಪದ ಕಡಿಮೆ ಬಿದ್ದರೆ ಸೇರಿಸಬೇಕಾದದ್ದು ಮೂರನೆಯ ಭಾಗಕ್ಕೆ ಇನ್ನೊಂದು ದೃಶ್ಯ. ಹೆಚ್ಚಾದರೆ ಮೊದಲು ಹೊಡೆದುಹಾಕಬೇಕಾದದ್ದು ಕಥೆಯ ವಾಕ್ಯ, ಆಮೇಲೆ ಪ್ರಶಸ್ತಿ ಮತ್ತು ಇಸವಿ.

ಸಮಯ ನಲವತ್ತು ನಿಮಿಷವಿದ್ದರೆ ಮೊದಲ ಎಂಟು ನಿಮಿಷವನ್ನು ಬರೆಯದೆ ಕಳೆಯುವುದು ಲಾಭ. ಉತ್ತರ ಪತ್ರಿಕೆಯ ಕೊನೆಯ ಹಾಳೆಯಲ್ಲಿ ಮುಖ್ಯ ಅಭಿಪ್ರಾಯದ ಒಂದು ವಾಕ್ಯ, ಅದಕ್ಕೆ ಸಾಕ್ಷಿಯಾಗುವ ದೃಶ್ಯ, ಒಂದು ಕೊರತೆ, ನೋಡಬೇಕಾದವರು ಯಾರು ಎಂಬ ನಾಲ್ಕನ್ನು ಗುರುತು ಹಾಕಿಕೊಂಡರೆ ಬರೆಯಲು ಇಪ್ಪತ್ತೈದು ನಿಮಿಷ ಸಾಕು. ಉಳಿದ ಹೊತ್ತಿನಲ್ಲಿ ಕ್ರಿಯಾಪದಗಳ ಕಾಲವನ್ನು ಒಮ್ಮೆ, ಹೆಸರುಗಳ ಕಾಗುಣಿತವನ್ನು ಒಮ್ಮೆ ಬೇರೆಬೇರೆಯಾಗಿ ನೋಡಬೇಕು. ಎರಡನ್ನೂ ಒಟ್ಟಿಗೆ ನೋಡಲು ಹೋದರೆ ಕಣ್ಣು ಅರ್ಥದ ಹಿಂದೆ ಓಡಿ ತಪ್ಪುಗಳು ಉಳಿದುಬಿಡುತ್ತವೆ. ಕೊನೆಯದಾಗಿ ಪ್ರಶ್ನೆಯಲ್ಲಿ ಗೆರೆ ಎಳೆದ ಒಂದೊಂದು ಮಾತಿಗೂ ಉತ್ತರದ ಯಾವ ವಾಕ್ಯ ಹೊಂದುತ್ತದೆ ಎಂದು ಬೆರಳಿಟ್ಟು ನೋಡಬೇಕು. ಹೊಂದುವ ವಾಕ್ಯ ಸಿಗದಿದ್ದರೆ ಅದನ್ನು ಸೇರಿಸಲು ಆಗಲೂ ಸಮಯವಿರುತ್ತದೆ.